ಹಳದಿ ಎಷ್ಟು, ನೀಲಿ ಎಷ್ಟು?

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ನೀರಿನ ಪಿಎಚ್ ನೋಡಲು ಸಣ್ಣದೊಂದು ಕಿಟ್ ಇಟ್ಟುಕೊಂಡಿರುತ್ತಾರೆ. ಕೊಳವೆಯಲ್ಲಿ ಒಂದಿಷ್ಟು ನೀರು ಹಿಡಿದು ಎರಡು ಮೂರು ಹನಿ ಬಣ್ಣ ಬಿಟ್ಟರೆ ನೀರು ಹಳದಿಗೋ ಹಸಿರಿಗೋ ನೀಲಿಗೋ ತಿರುಗುತ್ತದೆ. ಅದನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ಪಿಎಚ್ ಓದುತ್ತಾರೆ. ಇಂಥ ಕಿಟ್‌ಗಳಲ್ಲಿ ಬಳಕೆಯಾಗುವ ಒಂದು ಬಣ್ಣ ಬ್ರೋಮೋಥೈಮಾಲ್ ಬ್ಲೂ. ಈ ಬಣ್ಣದಲ್ಲಿ ಹಸಿರು ಅಣುಗಳೇ ಇಲ್ಲ. ಇರುವುದು ಹಳದಿಯವು ಮತ್ತು ನೀಲಿಯವು, ಎರಡೇ ಬಗೆ. ಎರಡೂ ಬೆರೆತಿರುವಾಗ ನಮ್ಮ ಕಣ್ಣಿಗೆ ಹಸಿರು ಕಾಣುತ್ತದೆ.

ಈ ಬಣ್ಣ ಸ್ವತಃ ಒಂದು ದುರ್ಬಲ ಆಮ್ಲ. ಅದರ ಅಣುವಿನಲ್ಲಿ ಬಿಟ್ಟುಕೊಡಬಲ್ಲ ಹೈಡ್ರೋಜನ್ ಅಯಾನು ಇರುವವರೆಗೆ ಅದು ಹಳದಿ, ಬಿಟ್ಟುಕೊಟ್ಟ ಮೇಲೆ ನೀಲಿ. ನೀರಿನಲ್ಲಿ ಈ ಕೊಡು-ಕೊಳ್ಳುವಿಕೆ ಎಡೆಬಿಡದೆ ನಡೆಯುತ್ತಿರುತ್ತದೆ. ಈ ಕ್ಷಣ ಹಳದಿಯಾಗಿದ್ದ ಅಣು ಮರುಕ್ಷಣ ನೀಲಿಯಾಗಬಹುದು. ಆದರೂ ಒಟ್ಟು ಲೆಕ್ಕದಲ್ಲಿ ಎರಡರ ಪ್ರಮಾಣ ಕದಲುವುದಿಲ್ಲ. ಆ ಪ್ರಮಾಣವನ್ನು ನಿರ್ಧರಿಸುವುದು ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಮತ್ತು ಬಣ್ಣದ ವಿಯೋಜನಾ ಸ್ಥಿರಾಂಕ. ಹಳದಿ ರೂಪವನ್ನು HIn, ನೀಲಿ ರೂಪವನ್ನು In⁻ ಎಂದು ಬರೆದರೆ ಸೂತ್ರ ಇಷ್ಟೇ:

[In⁻] / [HIn] = Ka / [H⁺]

ಬ್ರೋಮೋಥೈಮಾಲ್ ಬ್ಲೂವಿನ Ka ಸುಮಾರು 7.9 × 10⁻⁸. ತೊಟ್ಟಿಯ ನೀರಿನ ಪಿಎಚ್ 7.4 ಎಂದುಕೊಳ್ಳಿ. ಆಗ [H⁺] ಎಂದರೆ 10ರ ಘಾತ −7.4, ಅಂದರೆ 4.0 × 10⁻⁸. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸರಿಸುಮಾರು 2 ಬರುತ್ತದೆ. ಒಂದು ಹಳದಿ ಅಣುವಿಗೆ ಎರಡು ನೀಲಿ ಅಣು. ಕೊಳವೆಯಲ್ಲಿರುವ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ನೀಲಿ, ಹಾಗಾಗಿಯೇ ಅದು ನೀಲಿಗೆ ವಾಲಿದ ಹಸಿರು.

Ka ಬದಲು ಅದರ ಲಾಗರಿದಮ್ ರೂಪವಾದ pKa ಹಿಡಿದರೆ ಲೆಕ್ಕ ಇನ್ನೂ ಸಲೀಸು. ಇಲ್ಲಿ ಅದು 7.1. ಪಿಎಚ್ ಕೂಡ 7.1 ಆಗಿದ್ದರೆ ಎರಡೂ ಬಣ್ಣ ಸಮಸಮ. ಅಲ್ಲಿಂದ ಪಿಎಚ್ 0.3 ಏರಿದಾಗಲೆಲ್ಲ ಅನುಪಾತ ಎರಡು ಪಟ್ಟಾಗುತ್ತದೆ, 0.3 ಇಳಿದಾಗಲೆಲ್ಲ ಅರ್ಧವಾಗುತ್ತದೆ. 6.8ರಲ್ಲಿ ಒಂದು ನೀಲಿಗೆ ಎರಡು ಹಳದಿ, 6.5ರಲ್ಲಿ ಒಂದಕ್ಕೆ ನಾಲ್ಕು. ಬಾಯಿಲೆಕ್ಕಕ್ಕೆ ಇಷ್ಟು ಸಾಕು.

ಈ ಅನುಪಾತಕ್ಕೆ ಕೊನೆಯಿಲ್ಲ, ಕಣ್ಣಿಗೆ ಮಾತ್ರ ಇದೆ. 8.1ರಲ್ಲಿ ನೀಲಿ ಹತ್ತು, ಹಳದಿ ಒಂದು. 9.1ರಲ್ಲಿ ನೂರಕ್ಕೆ ಒಂದು. ಎರಡು ಕೊಳವೆಗಳನ್ನು ಅಕ್ಕಪಕ್ಕ ಹಿಡಿದರೂ ನಮಗೆ ಕಾಣುವುದು ಬರೀ ನೀಲಿ. ಅದಕ್ಕೇ ಸೂಚಕದ ಬಳಕೆಯ ವ್ಯಾಪ್ತಿ pKaಗೆ ಆಚೀಚೆ ಒಂದೊಂದು ಎಂದು ಪಾಠದಲ್ಲಿ ಹೇಳುತ್ತಾರೆ. ಆದರೆ ಪುಸ್ತಕದ ಕೋಷ್ಟಕದಲ್ಲಿ ಬ್ರೋಮೋಥೈಮಾಲ್ ಬ್ಲೂವಿನ ವ್ಯಾಪ್ತಿ 6.0ರಿಂದ 7.6 ಎಂದಿರುತ್ತದೆ. 7.1ರಿಂದ ಕೆಳಗೆ 1.1, ಮೇಲೆ ಬರೀ 0.5. ಇದು ಅಚ್ಚಿನ ತಪ್ಪಲ್ಲ. ನೀಲಿ ರೂಪ ಹಳದಿಗಿಂತ ಬೆಳಕನ್ನು ಹೆಚ್ಚು ಬಲವಾಗಿ ಹೀರುತ್ತದೆ. ಅನುಪಾತ ಮೂರಕ್ಕೆ ಒಂದಾಗುವಷ್ಟರಲ್ಲೇ ನೀಲಿ ಮೇಲುಗೈ ಪಡೆದುಬಿಡುತ್ತದೆ. ಹಳದಿ ಅಪ್ಪಟವಾಗಿ ಕಾಣಬೇಕಾದರೆ ಅದು ನೀಲಿಯ ಹನ್ನೆರಡು ಪಟ್ಟಿಗಿಂತ ಹೆಚ್ಚಿರಬೇಕು. ಕೋಷ್ಟಕದ ಈ ಸಂಖ್ಯೆಗಳಲ್ಲಿ ರಸಾಯನಶಾಸ್ತ್ರದ ಜತೆಗೆ ಮನುಷ್ಯರ ದೃಷ್ಟಿಯೂ ಸೇರಿದೆ ಎಂಬುದನ್ನು ತರಗತಿಯಲ್ಲಿ ಹೇಳಲೇಬೇಕು ಎಂದು ನನಗನಿಸುತ್ತದೆ.

ಕಣ್ಣಿನ ಈ ಪಕ್ಷಪಾತ ಕಳೆಯಲು ಪ್ರಯೋಗಾಲಯದಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಬಳಸುತ್ತಾರೆ. ಸುಮಾರು 615 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರುವುದು ಹೆಚ್ಚುಕಡಿಮೆ ನೀಲಿ ರೂಪ ಮಾತ್ರ. ಬಣ್ಣವನ್ನು ಗಟ್ಟಿ ಕ್ಷಾರಕ್ಕೆ ಹಾಕಿ ಪೂರ್ತಿ ನೀಲಿಯಾಗಿಸಿದಾಗ ಹೀರಿಕೆ 0.90 ಬಂತು, ಅಷ್ಟೇ ಬಣ್ಣ ಹಾಕಿದ ನಮ್ಮ ನೀರಿನಲ್ಲಿ 0.60 ಬಂತು ಎನ್ನೋಣ. ಉಳಿದ 0.30 ಹಳದಿಯ ಪಾಲು. 0.60 ಭಾಗಿಸು 0.30, ಅನುಪಾತ 2. ಅಂದರೆ ಪಿಎಚ್ 7.4.

ಲೆಕ್ಕ ದಾರಿ ತಪ್ಪುವ ಜಾಗಗಳೂ ಇವೆ. ಕ್ಲೋರಿನ್ ಹೆಚ್ಚಿರುವ ನೀರಿನಲ್ಲಿ ಬಣ್ಣವೇ ಮಾಸಿಹೋಗುತ್ತದೆ. ಉಪ್ಪು ಹೆಚ್ಚಿದ್ದರೆ pKa ಕೆಳಗೆ ಸರಿಯುತ್ತದೆ, ಆದ್ದರಿಂದ ಸಮುದ್ರದ ನೀರಿಗೆ 7.1 ಎಂಬ ಅಂಕಿ ಸಲ್ಲದು. ಸುಲಭವಾಗಿ ಗಮನಕ್ಕೆ ಬಾರದ ತಪ್ಪು ಮಳೆನೀರಿನಲ್ಲಿ, ಆರ್‌ಒ ನೀರಿನಲ್ಲಿ ಆಗುತ್ತದೆ. ಪಿಎಚ್ ಬದಲಾಗದಂತೆ ತಡೆಯುವ ಲವಣಗಳು ಅವುಗಳಲ್ಲಿ ತೀರಾ ಕಡಿಮೆ. ಬಣ್ಣವೂ ಆಮ್ಲವೇ ಆದ್ದರಿಂದ, ಅಳೆಯಲು ಹಾಕಿದ ಹನಿಗಳೇ ಅಳೆಯಬೇಕಾದ ಪಿಎಚ್ಚನ್ನು ಬದಲಾಯಿಸಿಬಿಡುತ್ತವೆ. ಇದನ್ನು ಪತ್ತೆ ಹಚ್ಚಲು ಅದೇ ನೀರಿನ ಇನ್ನೊಂದು ಕೊಳವೆಗೆ ಎರಡರಷ್ಟು ಹನಿ ಹಾಕಿ ನೋಡಬೇಕು. ಬಣ್ಣ ಗಾಢವಾಯಿತೇ ಹೊರತು ಅನುಪಾತ ಬದಲಾಗಲಿಲ್ಲ ಎಂದರೆ ಅಳತೆ ಸರಿ. ಅನುಪಾತವೂ ಬದಲಾದರೆ ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನು ಮೊದಲ ಅಳತೆಯಿಂದ ಹಿಂದಕ್ಕೆ ಸರಿಸಿ, ಒಂದು ಹನಿಯೂ ಹಾಕದಿದ್ದರೆ ಪಿಎಚ್ ಎಷ್ಟಿರುತ್ತಿತ್ತು ಎಂದು ಅಂದಾಜು ಮಾಡಬಹುದು.