ಉರು ಹೊಡೆಯೋದಾ, ಬಿಟ್ಟು ಬಿಟ್ಟು ಓದೋದಾ?

ಮೊಬೈಲಿನಲ್ಲಿ ಒಂದೊಂದೇ ಕಾರ್ಡು ತಳ್ಳುತ್ತಾ ನೋಡುವ 'ಇದು ವರ್ಸಸ್ ಅದು' ಪೋಸ್ಟುಗಳು ನಿಮಗೂ ಬಂದಿರುತ್ತವೆ. ಎಡಗಡೆ ಕೆಂಪು ಬಣ್ಣದಲ್ಲಿ 'ಬಾಯಿಪಾಠ', ಬಲಗಡೆ ಹಸಿರಿನಲ್ಲಿ 'ಬಿಡುವು ಕೊಟ್ಟು ಪುನರಾವರ್ತನೆ'. ನೋಡೋಕೆ ಚೆಂದ, ಆದರೆ ಜೋಡಿಯೇ ತಪ್ಪು. ಬಿಡುವು ಕೊಟ್ಟು ಓದುವುದರ ಎದುರಾಳಿ ಬಾಯಿಪಾಠ ಅಲ್ಲ, ಒಂದೇ ಕೂರಿಕೆಯಲ್ಲಿ ಎಲ್ಲಾ ತುಂಬಿಕೊಳ್ಳೋದು. ನಮ್ಮ ಊರುಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ದಿನಾ ಮಗ್ಗಿ ಹೇಳಿಸುತ್ತಿದ್ದರಲ್ಲ, ಅದು ಬಾಯಿಪಾಠವೂ ಹೌದು, ಬಿಟ್ಟು ಬಿಟ್ಟು ಮಾಡಿದ ಪುನರಾವರ್ತನೆಯೂ ಹೌದು. ಅದಕ್ಕೇ ಇವತ್ತಿಗೂ ಏಳೆಂಟ್ಲೆ ಅಂದರೆ ಐವತ್ತಾರು ಅಂತ ಬಾಯಿಗೆ ಬರುತ್ತೆ.

ಹಾಗಾದರೆ ಬಾಯಿಪಾಠ ಎಲ್ಲಿ ಕೈಕೊಡುತ್ತೆ? ಝಳಕಿಯಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ನನ್ನ ಅಕ್ಕನ ಮಗನ ಉದಾಹರಣೆಯನ್ನೇ ನೋಡಿ. ಬಿಜಾಪುರದ ಆದಿಲ್‌ಶಾಹಿ ಸುಲ್ತಾನರು ಒಂಬತ್ತು ಮಂದಿ: ಯೂಸುಫ್, ಇಸ್ಮಾಯಿಲ್, ಮಲ್ಲು, ಒಂದನೆಯ ಇಬ್ರಾಹಿಂ, ಒಂದನೆಯ ಅಲಿ, ಎರಡನೆಯ ಇಬ್ರಾಹಿಂ, ಮುಹಮ್ಮದ್, ಎರಡನೆಯ ಅಲಿ, ಸಿಕಂದರ್.

"ಮಾಮಾ, ಒಂಬತ್ತೂ ಮಂದಿ ಹೆಸರು ಬರ್ತಾವ ನನಗ" ಅಂದ. ಗಡಗಡ ಹೇಳಿಯೂ ತೋರಿಸಿದ.

"ಹಂಗಾರ ತಾಳಿಕೋಟಿ ಯುದ್ಧದಾಗ ಬಿಜಾಪುರದ ಸುಲ್ತಾನ ಯಾರಿದ್ದ?"

ಯೂಸುಫ್‌ನಿಂದ ಬೆರಳು ಮಡಚೋಕೆ ಶುರು ಮಾಡಿದ. ಇಬ್ರಾಹಿಂ ಹತ್ತಿರ ಬಂದು ನಿಂತ.

ಸಮಸ್ಯೆ ನೆನಪಿನದಲ್ಲ, ಕೊಂಡಿಯದು. ಸಾಲಾಗಿ ಉರು ಹೊಡೆದಾಗ ಪ್ರತಿ ಹೆಸರಿಗೂ ಅದರ ಹಿಂದಿನ ಹೆಸರೇ ಸುಳಿವು. ಪರೀಕ್ಷೆಯಲ್ಲಿ ಸುಳಿವಾಗಿ ಬರೋದು ಬೇರೆ: 1565, ಗೋಲಗುಮ್ಮಟ, ಬಾರಾ ಕಮಾನ್. ಆ ಕಡೆಯಿಂದ ಹೆಸರಿಗೆ ದಾರಿಯೇ ಹಾಕಿರೋದಿಲ್ಲ. ಸಾಲದ್ದಕ್ಕೆ ಇಬ್ಬರು ಇಬ್ರಾಹಿಂ, ಇಬ್ಬರು ಅಲಿ.

ಅವನು ಈಗ ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿಕೊಂಡಿದ್ದಾನೆ. ಒಂದು ಚೀಟಿಗೆ ಒಂದೇ ಪ್ರಶ್ನೆ, ಹಿಂದೆ ಒಂದೇ ಉತ್ತರ. 'ತಾಳಿಕೋಟೆ ಯುದ್ಧ, 1565' ಅಂದರೆ ಒಂದನೆಯ ಅಲಿ. 'ಗೋಲಗುಮ್ಮಟ ಯಾರ ಸಮಾಧಿ' ಅಂದರೆ ಮುಹಮ್ಮದ್. 'ಇಬ್ರಾಹಿಂ ರೋಜಾ' ಎರಡನೆಯ ಇಬ್ರಾಹಿಂನದು, ಅರ್ಧಕ್ಕೇ ನಿಂತ ಬಾರಾ ಕಮಾನ್ ಎರಡನೆಯ ಅಲಿಯದು. '1686ರಲ್ಲಿ ಔರಂಗಜೇಬನಿಗೆ ಸೋತವನು' ಸಿಕಂದರ್. ಒಬ್ಬ ಸುಲ್ತಾನನ ಇಡೀ ಚರಿತ್ರೆಯನ್ನು ಒಂದೇ ಚೀಟಿಯಲ್ಲಿ ತುರುಕಿದರೆ ಅರ್ಧ ಸರಿ, ಅರ್ಧ ತಪ್ಪು ಆಗುತ್ತೆ, ಅದನ್ನು ಯಾವ ಕಡೆ ಹಾಕಬೇಕು ಅಂತ ಗೊತ್ತಾಗಲ್ಲ.

ಚೀಟಿಗಳಿಗೆ ಮೂರು ಡಬ್ಬಿ. ಮೊದಲನೆಯದನ್ನು ದಿನಾ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆಗೆಯೋದು. ಉತ್ತರ ಸರಿಯಾದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಾದರೆ ಎಲ್ಲೇ ಇದ್ದರೂ ಸೀದಾ ಮೊದಲನೆಯದಕ್ಕೆ. ತಾಳಿಕೋಟೆಯ ಚೀಟಿಯನ್ನು ಸೋಮವಾರ ಬರೆದ. ಮಂಗಳವಾರ ಸರಿ ಹೇಳಿದ, ಎರಡನೇ ಡಬ್ಬಿಗೆ ಹೋಯಿತು. ಶುಕ್ರವಾರವೂ ಸರಿ, ಮೂರನೆಯದಕ್ಕೆ. ಮುಂದಿನ ಶುಕ್ರವಾರ 'ಎರಡನೆಯ ಅಲಿ' ಅಂದುಬಿಟ್ಟ, ಚೀಟಿ ವಾಪಸ್ ಮೊದಲ ಡಬ್ಬಿಗೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಹೇಳಿಕೊಟ್ಟ ಐದು ಖಾನೆಯ ಪೆಟ್ಟಿಗೆಯ ಸಣ್ಣ ರೂಪ ಇದು. ಫೋನಿನಲ್ಲೇ ಬೇಕಿದ್ದರೆ AnkiDroid ಇದೆ, ಪುಕ್ಕಟೆ. ನನಗೆ ಕೇಳಿದರೆ ಮೊದಲ ತಿಂಗಳು ಕಾಗದವೇ ವಾಸಿ, ಫೋನು ತೆಗೆದರೆ ರೀಲ್ಸೂ ಅಲ್ಲೇ ಇರುತ್ತೆ.

ಇನ್ನೊಂದು ಜೋಡಿ ಇದೆ, ನನ್ನ ಪ್ರಕಾರ ಇದೇ ಅಸಲಿ: ಮತ್ತೆ ಓದೋದು ವರ್ಸಸ್ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳೋದು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗ ಕೊಟ್ಟು ನೋಡಿದರು. ಒಂದು ಭಾಗವನ್ನು ಎರಡು ಸಲ ಓದಿಸಿದರು, ಇನ್ನೊಂದನ್ನು ಒಮ್ಮೆ ಓದಿಸಿ, ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದು, ಶೇ. 81ಕ್ಕೆ 75. ಒಂದು ವಾರದ ನಂತರ ಉಲ್ಟಾ: ಓದಿದ್ದು ಶೇ. 42, ಬರೆದದ್ದು 56. ಅಂದರೆ 'ಎಲ್ಲಾ ಬಂತು' ಅನ್ನಿಸುವ ಹೊತ್ತಿಗೆ ಅಳೆದರೆ ಓದೋದೇ ಗೆಲ್ಲುತ್ತೆ. ಚೀಟಿಯ ಹಿಂಬದಿ ನೋಡುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಬೇಕು ಅನ್ನೋದು ಇದಕ್ಕೇ. ತಿರುಗಿಸಿ ನೋಡಿ 'ಹಾಂ, ಗೊತ್ತಿತ್ತು' ಅಂದರೆ ಅದು ಮತ್ತೆ ಓದಿದಂತೆಯೇ.

ಅಂತರ ಸರಿ ಇದೆಯೋ ಇಲ್ಲವೋ ಅಂತ ತಿಳಿಯೋದು ಸುಲಭ. ಮೂರನೇ ಡಬ್ಬಿಯಲ್ಲಿ ಒಂದೂ ತಪ್ಪಾಗದೆ ತಡವರಿಸದೆ ಉತ್ತರ ಬರುತ್ತಿದ್ದರೆ ಒಂದು ವಾರ ಕಡಿಮೆಯಾಯಿತು, ಎರಡು ವಾರ ಮಾಡಿ. ಅರ್ಧಕ್ಕರ್ಧ ತಪ್ಪಿದರೆ ಅಂತರ ಜಾಸ್ತಿ, ಇಲ್ಲವೇ ಚೀಟಿ ದೊಡ್ಡದು. ಚೀಟಿಗಳನ್ನು ಪ್ರತಿ ಸಲ ಕಲಸಿ, ಇಲ್ಲದಿದ್ದರೆ ಹಳೇ ಸಾಲೇ ಹೊಸ ವೇಷದಲ್ಲಿ ಬಾಯಿಪಾಠ ಆಗುತ್ತೆ.

ಪರೀಕ್ಷೆ ನಾಳೆಯೇ ಇದ್ದರೆ ಮಾತ್ರ ಈ ಲೆಕ್ಕ ನಡೆಯಲ್ಲ. ಅಂತರ ಕೊಡೋಕೆ ದಿನಗಳೇ ಇಲ್ಲವಲ್ಲ! ಆಗ ಮೊದಲ ಡಬ್ಬಿಯಲ್ಲಿ ಉಳಿದ ಚೀಟಿಗಳನ್ನಷ್ಟೇ ಹಿಡಿದು ಉರು ಹೊಡೆಯಿರಿ. ನಾಳೆಗೆ ಅದು ಸಾಕಾಗುತ್ತೆ, ಮುಂದಿನ ತಿಂಗಳ ಪರೀಕ್ಷೆಗೆ ಆ ಚೀಟಿಗಳನ್ನು ಮತ್ತೆ ಮೊದಲ ಡಬ್ಬಿಯಿಂದಲೇ ಶುರು ಮಾಡಬೇಕು.