ಅತಿ ವಿನಯವೂ ಬೇಡ, ಅಪ್ಪಣೆಯೂ ಬೇಡ

ಚನ್ನಪಟ್ಟಣದ ಮರದ ಆಟಿಕೆ ತಯಾರಕರೊಬ್ಬರು ಇಂಗ್ಲೆಂಡಿನ ಅಂಗಡಿಯೊಂದಕ್ಕೆ ಮಾಲು ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. 1,850 ಪೌಂಡಿನ ಇನ್‌ವಾಯ್ಸು. ಮಾರ್ಚ್ 15ಕ್ಕೆ ಹಣ ಬರಬೇಕಿತ್ತು, ಹತ್ತು ದಿನ ಕಳೆದರೂ ಸುದ್ದಿಯಿಲ್ಲ. ಗಿರಾಕಿ ಒಳ್ಳೆಯವರು, ಮುಂದೆಯೂ ಆರ್ಡರ್ ಕೊಡುವವರು. ಅವರ ಮನಸ್ಸು ನೋಯಬಾರದು, ದುಡ್ಡೂ ಬರಬೇಕು. ಹೀಗೆ ಯೋಚಿಸುತ್ತಾ ತಯಾರಕರು ಮನಸ್ಸಿನಲ್ಲೇ ಕನ್ನಡದಲ್ಲಿ ಪತ್ರ ಕಟ್ಟಿಕೊಳ್ಳುತ್ತಾರೆ:

“ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮಗೆ ಕಳಿಸಿದ ಮಾಲಿನ ಬಾಬ್ತು ಹಣ ಇನ್ನೂ ಬಂದಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ. ನಾವೂ ಕೆಲಸಗಾರರಿಗೆ ಕೂಲಿ ಕೊಡಬೇಕಾಗಿರುವುದರಿಂದ ಈ ವಾರದೊಳಗೆ ಕಳಿಸಿಕೊಡಬೇಕು. ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ.”

ಕನ್ನಡದಲ್ಲಿ ಈ ಪತ್ರಕ್ಕೆ ಹೆಸರಿಡುವಂತಿಲ್ಲ. ಆದರೆ ಇದು ಪದಕ್ಕೆ ಪದ ಇಂಗ್ಲಿಷಾಗಿ ಹೊರಡುವಾಗ ಸಾಮಾನ್ಯವಾಗಿ ಹೀಗಾಗುತ್ತದೆ:

“ರೆಸ್ಪೆಕ್ಟೆಡ್ ಸರ್, ಐ ಹಂಬ್ಲಿ ರಿಕ್ವೆಸ್ಟ್ ಯುವರ್ ಗುಡ್‌ಸೆಲ್ಫ್ ದಟ್ ಯು ಹ್ಯಾವ್ ನಾಟ್ ಸೆಂಟ್ ದ ಮನಿ. ಪ್ಲೀಸ್ ಡೋಂಟ್ ಮಿಸ್ಟೇಕ್ ಮಿ. ವಿ ಹ್ಯಾವ್ ಟು ಗಿವ್ ಲೇಬರ್ ಪೇಮೆಂಟ್, ಸೋ ಯು ಮಸ್ಟ್ ಸೆಂಡ್ ವಿದಿನ್ ದಿಸ್ ವೀಕ್. ಸಾರಿ ಫಾರ್ ದ ಟ್ರಬಲ್. ಕೈಂಡ್ಲಿ ಡು ದ ನೀಡ್‌ಫುಲ್.”

ಇಂಗ್ಲೆಂಡಿನಲ್ಲಿ ಇದನ್ನು ಓದುವವರಿಗೆ ಗೊಂದಲ. ಮೊದಲ ಸಾಲಿನಲ್ಲಿ ಕಾಲಿಗೆ ಬಿದ್ದವರು ಮೂರನೇ ಸಾಲಿನಲ್ಲಿ ಗದರುತ್ತಿದ್ದಾರೆ, ಕೊನೆಗೆ ಮತ್ತೆ ಕೈಮುಗಿಯುತ್ತಿದ್ದಾರೆ. ನಮ್ಮ ವ್ಯವಹಾರದ ಇಂಗ್ಲಿಷಿನಲ್ಲಿ ಅತಿ ವಿನಯ ಒಬ್ಬರ ದೋಷ, ಒರಟುತನ ಇನ್ನೊಬ್ಬರ ದೋಷ ಎಂದುಕೊಳ್ಳುವುದುಂಟು. ಎರಡೂ ಒಂದೇ ಪತ್ರದಲ್ಲಿ, ಒಂದೇ ಕಾರಣದಿಂದ ಸೇರಿಕೊಳ್ಳುತ್ತವೆ. ಕನ್ನಡ ಮರ್ಯಾದೆಯನ್ನು ಇಡುವ ಜಾಗವೇ ಬೇರೆ, ಇಂಗ್ಲಿಷ್ ಇಡುವ ಜಾಗವೇ ಬೇರೆ.

ಕನ್ನಡದಲ್ಲಿ ಮರ್ಯಾದೆ ಬಹುಮಟ್ಟಿಗೆ ಕ್ರಿಯಾಪದದ ಬಾಲದಲ್ಲಿದೆ. ಕಳಿಸು, ಕಳಿಸಿ, ಕಳಿಸಿಕೊಡಿ, ಕಳಿಸಿಕೊಟ್ಟರೆ ಉಪಕಾರವಾಗುತ್ತೆ: ಒಂದೇ ಕೆಲಸಕ್ಕೆ ನಾಲ್ಕು ಮೆಟ್ಟಿಲು. ‘ಕಳಿಸಿಕೊಡಿ’ ಅಂದರೆ ಸಾಕು, ಬೇರೆ ಅಲಂಕಾರ ಬೇಡ. ಇಂಗ್ಲಿಷಿನ ‘ಸೆಂಡ್’ಗೆ ಆ ಬಾಲವಿಲ್ಲ. ಮಗುವಿಗೂ ಮ್ಯಾನೇಜರಿಗೂ ಅದೇ ‘ಸೆಂಡ್’. ಹಾಗಾಗಿ ಭಾಷಾಂತರದಲ್ಲಿ ‘ಕೊಡಿ’ಯ ಮೃದುತ್ವವೆಲ್ಲ ಉದುರಿ ಬರೀ ಅಪ್ಪಣೆ ಉಳಿಯುತ್ತದೆ. ಬರೆಯುವವರಿಗೂ ಇದು ಒಳಗೊಳಗೇ ಗೊತ್ತಾಗುತ್ತದೆ. ಕಳೆದುಹೋದದ್ದನ್ನು ತುಂಬಲು ಪತ್ರದ ತಲೆಗೊಂದು ‘ಹಂಬ್ಲಿ’, ಬಾಲಕ್ಕೊಂದು ‘ಕೈಂಡ್ಲಿ’ ಅಂಟಿಸುತ್ತಾರೆ. ತುದಿಗಳು ಮೆತ್ತಗಾಗುತ್ತವೆ, ನಡುವಿನ ಅಪ್ಪಣೆ ಅಪ್ಪಣೆಯಾಗಿಯೇ ಇರುತ್ತದೆ.

ಇಂಗ್ಲಿಷ್ ತನ್ನ ಮರ್ಯಾದೆಯನ್ನು ವಾಕ್ಯದ ರೂಪದಲ್ಲಿ ಇಡುತ್ತದೆ. ಕೇಳಬೇಕಾದದ್ದನ್ನು ಪ್ರಶ್ನೆಯಾಗಿಸುತ್ತದೆ, ‘ಕ್ಯಾನ್’ ಬದಲು ‘ಕುಡ್’, ‘ವಿಲ್’ ಬದಲು ‘ವುಡ್’ ಹಾಕಿ ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ. ಈ ಉಪಾಯ ನಮಗೆ ಹೊಸದೇನಲ್ಲ. ಅಂಗಡಿಯವರು ‘ಏನ್ ಬೇಕು?’ ಎನ್ನದೆ ‘ಏನ್ ಬೇಕಿತ್ತು ಸಾರ್?’ ಅನ್ನುತ್ತಾರೆ. ನಾವೂ ‘ನಿಮ್ಮಿಂದ ಒಂದು ಸಹಾಯ ಆಗಬೇಕಿತ್ತು’ ಎಂದೇ ಮಾತು ತೆಗೆಯುತ್ತೇವೆ. ಬೇಕಾಗಿರುವುದು ಈಗಲೇ, ಆದರೂ ಭೂತಕಾಲ. ‘ಕುಡ್ ಯು’ ಮಾಡುವುದೂ ಅದೇ ಕೆಲಸ. ‘ಪ್ಲೀಸ್ ಸೆಂಡ್’ ತಪ್ಪೆಂದಲ್ಲ. ಚಿಕ್ಕಪುಟ್ಟ ವಿಷಯಕ್ಕೆ, ದಿನವೂ ಮಾತಾಡುವವರಿಗೆ ಅದು ಸಾಕು. ದುಡ್ಡು ಕೇಳುವಾಗ, ವಾಯಿದೆ ಕೇಳುವಾಗ ಪ್ಲೀಸ್ ಹಚ್ಚಿದ ಅಪ್ಪಣೆಗಿಂತ ಪ್ರಶ್ನೆ ಮೇಲು.

ಈಗ ಪತ್ರದ ಸಾಲುಗಳನ್ನು ಒಂದೊಂದಾಗಿ ನೋಡೋಣ. ಅತಿ ಹೆಚ್ಚು ಪೆಟ್ಟು ಕೊಡುವುದು ‘ಬೇಕು’. ನಮ್ಮಲ್ಲಿ ‘ಬೇಕು’ ಆಸೆಗೂ ಸಲ್ಲುತ್ತದೆ, ಅಗತ್ಯಕ್ಕೂ, ಕಟ್ಟುಪಾಡಿಗೂ, ವಿನಂತಿಗೂ. ‘ತಾವು ಬರಬೇಕು’ ಎಂಬುದು ಲಗ್ನಪತ್ರಿಕೆಯ ಮಾತು. ‘ಕಳಿಸಿಕೊಡಬೇಕು’ ಎಂಬುದರಲ್ಲೂ ಆ ಬಿನ್ನಹದ ಛಾಯೆ ಇದೆ. ‘ಯು ಮಸ್ಟ್’ನಲ್ಲಿ ಅದಿಲ್ಲ. ಊಟಕ್ಕೆ ಕರೆಯುವಾಗ ಇಂಗ್ಲಿಷರೂ ‘ಯು ಮಸ್ಟ್ ಕಮ್’ ಅನ್ನುತ್ತಾರೆ, ಅದು ಪ್ರೀತಿಯ ಒತ್ತಾಯ. ಆದರೆ ಅಲ್ಲಿ ಲಾಭ ಬರುವವರದು. ಲಾಭ ಕೇಳುವವರದಾದಾಗ ಅದೇ ‘ಮಸ್ಟ್’ ತಾಕೀತಾಗುತ್ತದೆ. ಆದ್ದರಿಂದ ನಮ್ಮ ಷರತ್ತನ್ನು ಹೇಳುವಾಗ ‘ಯು’ವನ್ನು ಬಿಟ್ಟು ‘ವಿ’ಯಿಂದ ಶುರುಮಾಡುವುದು ವಾಸಿ. ‘ನೀವು ಮುಂಗಡ ಕೊಡಬೇಕಾಗುತ್ತೆ’ ಎಂಬುದು ‘ಯು ಮಸ್ಟ್ ಗಿವ್ ಅಡ್ವಾನ್ಸ್’ ಆಗುವ ಬದಲು ‘ವಿ ಆಸ್ಕ್ ಫಾರ್ 30 ಪರ್ಸೆಂಟ್ ವಿತ್ ದ ಆರ್ಡರ್’ ಆಗಲಿ. ಇದು ಎಲ್ಲ ಗಿರಾಕಿಗಳಿಗೂ ನಾವಿಟ್ಟುಕೊಂಡ ಪದ್ಧತಿ ಎಂದಾಗುತ್ತದೆಯೇ ಹೊರತು ನಿಮ್ಮ ಮೇಲಿನ ಹುಕುಂ ಎಂದಲ್ಲ.

ಎರಡನೆಯದು, ಕೈಲಿದ್ದ ಒಳ್ಳೆಯದನ್ನೇ ಕಳೆದುಕೊಂಡ ಸಾಲು. ಕನ್ನಡದಲ್ಲಿ ‘ಹಣ ಇನ್ನೂ ಬಂದಿಲ್ಲ’ ಎಂದಿತ್ತು. ಅದರಲ್ಲಿ ತಪ್ಪಿತಸ್ಥರೇ ಇಲ್ಲ, ಬಾರದೆ ಇರುವುದು ಹಣ. ಇಂಗ್ಲಿಷಿಗೆ ಹೋಗುವಾಗ ಅದು ‘ಯು ಹ್ಯಾವ್ ನಾಟ್ ಸೆಂಟ್’, ಅಂದರೆ ‘ನೀವು ಕಳಿಸಿಲ್ಲ’ ಆಯಿತು, ದೂರಾಯಿತು. ಇಲ್ಲಿ ಕನ್ನಡವನ್ನೇ ನೆಚ್ಚಿಕೊಂಡು ‘ದ ಪೇಮೆಂಟ್ ಹ್ಯಾಸ್ ನಾಟ್ ರೀಚ್ಡ್ ಅಸ್ ಯೆಟ್’ ಎಂದಿದ್ದರೆ ಅಚ್ಚ ಇಂಗ್ಲಿಷೂ ಆಗುತ್ತಿತ್ತು, ಸೌಜನ್ಯವೂ ಉಳಿಯುತ್ತಿತ್ತು.

ಇನ್ನು ವಿನಯದ ಸಾಲುಗಳು. ‘ಡು ದ ನೀಡ್‌ಫುಲ್’ ನಮ್ಮ ಸೃಷ್ಟಿಯಲ್ಲ. ಒಂದು ಕಾಲಕ್ಕೆ ಬ್ರಿಟನ್ನಿನಲ್ಲೇ ಚಾಲ್ತಿಯಲ್ಲಿದ್ದ ಮಾತು. ಅಲ್ಲಿ ಅದು ಮೂಲೆ ಸೇರಿತು, ನಮ್ಮ ಕಚೇರಿಗಳ ಕಡತದಲ್ಲಿ ಉಳಿದುಕೊಂಡಿತು. ಹಳತೆಂಬುದಕ್ಕಿಂತ ದೊಡ್ಡ ತೊಡಕೆಂದರೆ, ಏನು ಮಾಡಬೇಕೆಂದು ಅದು ಹೇಳುವುದೇ ಇಲ್ಲ. ಆ ಜಾಗದಲ್ಲಿ ಆಗಬೇಕಾದ ಕೆಲಸದ ಹೆಸರನ್ನೇ ಬರೆಯಬೇಕು. ‘ಹಂಬ್ಲಿ’ ಮತ್ತು ‘ಗುಡ್‌ಸೆಲ್ಫ್’ ಸುಮ್ಮನೆ ಹೊರಹೋಗಬಹುದು. ‘ಡೋಂಟ್ ಮಿಸ್ಟೇಕ್ ಮಿ’ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಒಬ್ಬರನ್ನು ‘ಮಿಸ್ಟೇಕ್’ ಮಾಡುವುದೆಂದರೆ ಸಾಮಾನ್ಯವಾಗಿ ಅವರನ್ನು ಬೇರೆ ಯಾರೋ ಎಂದು ಭ್ರಮಿಸುವುದು. ನಾವು ಹೇಳಹೊರಟದ್ದು ‘ಬೇಜಾರು ಮಾಡಿಕೊಳ್ಳಬೇಡಿ’ ಎಂದು. ಬಾಕಿ ಕೇಳುವುದರಲ್ಲಿ ಬೇಜಾರಿನ ಮಾತೇ ಇಲ್ಲವಾದ್ದರಿಂದ ಸಾಲೇ ಬೇಡ. ‘ಸಾರಿ’ಯೂ ಹಾಗೆಯೇ. ನಮ್ಮ ಮಾಲು ತಡವಾದಾಗ ಅದು ಬೇಕು. ನಮಗೆ ಬರಬೇಕಾದ ದುಡ್ಡು ಕೇಳುವಾಗ ಕ್ಷಮೆ ಕೇಳಿದರೆ, ಕೇಳುವ ಹಕ್ಕು ನಮಗೇ ಇಲ್ಲವೇನೋ ಎಂಬಂತಾಗುತ್ತದೆ.

ಕೂಲಿಯ ಸಾಲಿನ ಕತೆ ಬೇರೆ. ನಮ್ಮ ನಡುವೆ ಕಷ್ಟ ಹೇಳಿಕೊಳ್ಳುವುದು ನಂಟಿನ ಲಕ್ಷಣ. ಇಂಗ್ಲಿಷ್ ವ್ಯವಹಾರದಲ್ಲಿ ಇನ್‌ವಾಯ್ಸೇ ಸಾಕಷ್ಟು ಕಾರಣ. ಅದರ ಪಕ್ಕ ಕೂಲಿಯ ಕಷ್ಟ ತಂದಿಟ್ಟರೆ ಹಕ್ಕಿನ ಹಣ ದಾನದ ಹಣದಂತೆ ಕಾಣುತ್ತದೆ.

ಇಷ್ಟನ್ನೂ ಸರಿಪಡಿಸಿದರೆ ಪತ್ರ ಹೀಗಾಗುತ್ತದೆ. ‘ರೆಸ್ಪೆಕ್ಟೆಡ್ ಸರ್’ ಬದಲು ‘ಡಿಯರ್’, ಮುಂದೆ ಅವರ ಹೆಸರು. ಓದುವವರು ಹೆಂಗಸೂ ಆಗಿರಬಹುದಷ್ಟೆ.

“ಐ ಹೋಪ್ ಯು ಆರ್ ವೆಲ್. ಐ ಆಮ್ ರೈಟಿಂಗ್ ಅಬೌಟ್ ಇನ್‌ವಾಯ್ಸ್ 47 ಫಾರ್ 1,850 ಪೌಂಡ್ಸ್, ವಿಚ್ ವಾಸ್ ಡ್ಯೂ ಆನ್ 15 ಮಾರ್ಚ್. ದ ಪೇಮೆಂಟ್ ಹ್ಯಾಸ್ ನಾಟ್ ರೀಚ್ಡ್ ಅಸ್ ಯೆಟ್. ಕುಡ್ ಯು ಪ್ಲೀಸ್ ಲೆಟ್ ಮಿ ನೋ ವೆನ್ ವಿ ಕ್ಯಾನ್ ಎಕ್ಸ್‌ಪೆಕ್ಟ್ ಇಟ್? ಇಫ್ ಇಟ್ ಈಸ್ ಆಲ್ರೆಡಿ ಆನ್ ಇಟ್ಸ್ ವೇ, ಪ್ಲೀಸ್ ಇಗ್ನೋರ್ ದಿಸ್ ನೋಟ್. ಬೆಸ್ಟ್ ರಿಗಾರ್ಡ್ಸ್.”

ವಿನಯ ಕಡಿಮೆಯಾಗಿಲ್ಲ, ಜಾಗ ಬದಲಿಸಿದೆ. ಈಗ ಅದು ‘ಕುಡ್ ಯು’ ಪ್ರಶ್ನೆಯಲ್ಲಿದೆ. ‘ಈಗಾಗಲೇ ಕಳಿಸಿದ್ದರೆ ಇದನ್ನು ಮರೆತುಬಿಡಿ’ ಎನ್ನುವ ಕೊನೆಯ ಸಾಲಿನಲ್ಲಿದೆ. ಮರೆತಿದ್ದ ಗಿರಾಕಿಗೂ ಮುಖ ಉಳಿಸಿಕೊಳ್ಳಲು ದಾರಿ ಸಿಕ್ಕಿತು. ಮುಖ್ಯವಾಗಿ, ಯಾವ ಬಿಲ್ಲು, ಎಷ್ಟು ಹಣ, ಯಾವತ್ತಿನ ವಾಯಿದೆ ಎಂಬುದು ಹಳೆಯ ಪತ್ರದಲ್ಲಿ ಇರಲೇ ಇಲ್ಲ, ಇಲ್ಲಿ ಮೂರೂ ಇವೆ.

ಇಲ್ಲ ಎನ್ನುವಾಗ ತೊಂದರೆ ತಿರುಗುಮುರುಗಾಗುತ್ತದೆ. ಗಿರಾಕಿ ಬೆಲೆ ಇಳಿಸಲು ಕೇಳಿದರೆ ನಮ್ಮವರು ಎರಡರಲ್ಲೊಂದು ಹೇಳುತ್ತಾರೆ. ‘ಆಗಲ್ಲ’ ಎಂಬುದು ‘ನಾಟ್ ಪಾಸಿಬಲ್’ ಆಗಿ ಬಾಗಿಲು ಹಾಕಿದಂತೆ ಕೇಳುತ್ತದೆ. ಇಲ್ಲವೇ ‘ನೋಡೋಣ’ ಎನ್ನುತ್ತಾರೆ. ನಮ್ಮಲ್ಲಿ ‘ನೋಡೋಣ’ ಅಂದರೆ ಆಗಲಿಕ್ಕಿಲ್ಲ ಎಂದು ಇಬ್ಬರಿಗೂ ಗೊತ್ತು. ‘ವಿ ವಿಲ್ ಸೀ’ ಓದಿದ ಇಂಗ್ಲಿಷ್ ಗಿರಾಕಿ ನಿಜಕ್ಕೂ ಉತ್ತರಕ್ಕಾಗಿ ಕಾಯುತ್ತಾರೆ, ಅದು ಬಾರದಾಗ ಇವರ ಮಾತಿಗೆ ಬೆಲೆಯಿಲ್ಲ ಎಂದುಕೊಳ್ಳುತ್ತಾರೆ. ಎರಡಕ್ಕೂ ಬದಲಾಗಿ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಬೆನ್ನಿಗೇ ಆಗುವುದೇನೆಂದು ತಿಳಿಸಬೇಕು: ‘ಐ ಆಮ್ ಅಫ್ರೇಡ್ ವಿ ಕಾಂಟ್ ಗೋ ಬಿಲೋ 4.20 ಪೌಂಡ್ಸ್ ಫಾರ್ 200 ಪೀಸಸ್. ಫಾರ್ 500, ವಿ ಕುಡ್ ಆಫರ್ 4 ಪೌಂಡ್ಸ್.’ ಇಲ್ಲಿನ ‘ಅಫ್ರೇಡ್’ ಹೆದರಿಕೆಯದಲ್ಲ, ನಮ್ಮ ‘ಬೇಸರದ ಸಂಗತಿ’ಯ ಸ್ಥಾನದಲ್ಲಿ ಕೂತಿರುವ ಮಾತು. ಅದೊಂದೇ ಸಾಕು, ಸಾರಿಗಳ ಸಾಲು ಬೇಡ.

ಈ ತಿದ್ದುಪಡಿ ಎಲ್ಲೆಡೆಗೂ ಅಲ್ಲ. ಇಲ್ಲಿನ ಬ್ಯಾಂಕಿಗೋ ಸರ್ಕಾರಿ ಕಚೇರಿಗೋ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ ‘ರೆಸ್ಪೆಕ್ಟೆಡ್ ಸರ್’, ‘ಕೈಂಡ್ಲಿ’ ಮಾಮೂಲು. ಅಲ್ಲಿ ಅವನ್ನು ಕಿತ್ತುಹಾಕಿದರೆ ಧಿಮಾಕು ಅನ್ನಿಸಬಹುದು. ಓದುವವರ ಕಿವಿ ಎಲ್ಲಿ ಪಳಗಿದೆ ಎಂಬುದರ ಮೇಲೆ ಪತ್ರ ನಿಲ್ಲುತ್ತದೆ.

ಮೊದಲ ಪತ್ರಕ್ಕೆ ಉತ್ತರ ಬಾರದಿದ್ದರೆ? ಆಗ ಹೆಚ್ಚಿನವರು ಇನ್ನಷ್ಟು ಬಾಗುತ್ತಾರೆ, ಇಲ್ಲವೇ ಸಿಡಿದುಬೀಳುತ್ತಾರೆ. ಇಂಗ್ಲಿಷಿನಲ್ಲಿ ಪತ್ರ ಬಿಗಿಯಾಗುವುದು ಖಾರದ ಮಾತು ಸೇರಿಸಿದಾಗಲ್ಲ, ಮೆತ್ತನೆಯ ಮಾತು ತೆಗೆದಾಗ. ಎರಡನೇ ಪತ್ರದಲ್ಲಿ ‘ಕುಡ್ ಯು’ ಹೋಗಿ ‘ಪ್ಲೀಸ್ ಲೆಟ್ ಮಿ ನೋ ಬೈ ಫ್ರೈಡೇ’ ಬರುತ್ತದೆ. ಮೊದಲು ಬರೆದ ಪತ್ರದ ತಾರೀಕು ಸೇರುತ್ತದೆ. ಮೂರನೆಯದರಲ್ಲಿ ಕುಶಲ ಪ್ರಶ್ನೆಯೂ ಇರುವುದಿಲ್ಲ: ‘ಪ್ಲೀಸ್ ಪೇ ಇನ್‌ವಾಯ್ಸ್ 47 ಬೈ 30 ಏಪ್ರಿಲ್. ವಿ ವಿಲ್ ಶಿಪ್ ಯುವರ್ ನೆಕ್ಸ್ಟ್ ಆರ್ಡರ್ ಆಸ್ ಸೂನ್ ಆಸ್ ದ ಪೇಮೆಂಟ್ ರೀಚಸ್ ಅಸ್.’ ಹಣ ಕೈ ಸೇರಿದ ಕೂಡಲೇ ಮುಂದಿನ ಮಾಲು ಹೊರಡುತ್ತದೆ ಎಂಬುದಷ್ಟೇ ಮಾತು. ಹಣ ಬಾರದೆ ಮಾಲು ಹೊರಡದು ಎಂಬುದನ್ನು ಗಿರಾಕಿ ತಾವೇ ಓದಿಕೊಳ್ಳುತ್ತಾರೆ.