ಶೇರಾ ಪುಸ್ತಕದ ಮಾತು ಮತ್ತು ಮನಸ್ಸಿನ ಮೆಲುಕು

ಶಾಲಾ ತಪಾಸಣೆ ಮುಗಿದು ಅಧಿಕಾರಿಗಳು ಹೊರಟುಹೋದ ಮೇಲೂ ಅವರು ಬರೆದ ಶೇರಾ ಶಿಕ್ಷಕರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಊಟದ ಹೊತ್ತಿನಲ್ಲಿ, ನಿದ್ರೆಗೆ ಮುನ್ನ, ಮರುದಿನ ಪಾಠದ ನಡುವೆ ಅದೇ ವಾಕ್ಯ ಮರಳಿ ಮರಳಿ ಬರುತ್ತದೆ. ದನ ಮೆಲುಕು ಹಾಕಿದರೆ ತಿಂದ ಮೇವು ಜೀರ್ಣವಾಗುತ್ತದೆ. ಕಠಿಣ ಮಾತನ್ನು ಮನಸ್ಸು ಮೆಲುಕು ಹಾಕಿದಾಗ ಏನೂ ಜೀರ್ಣವಾಗುವುದಿಲ್ಲ. ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಅವರು ಈ ಪ್ರವೃತ್ತಿಯನ್ನು ದೀರ್ಘಕಾಲ ಅಧ್ಯಯನ ಮಾಡಿ, ಇದು ಖಿನ್ನತೆಯನ್ನು ಹೆಚ್ಚಿಸುತ್ತದೆ, ಸಮಸ್ಯೆ ಬಿಡಿಸುವ ಶಕ್ತಿಯನ್ನು ಕುಂದಿಸುತ್ತದೆ ಎಂದು ತೋರಿಸಿದರು.

ವಿಚಾರ ಮಾಡುವುದಕ್ಕೂ ಮೆಲುಕು ಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಕಷ್ಟವಲ್ಲ. ಅರ್ಧ ಗಂಟೆ ಯೋಚಿಸಿದ ಮೇಲೆ ಹೊಸದೊಂದು ಸಂಗತಿ ಹೊಳೆದಿದ್ದರೆ ಅಥವಾ ನಾಳೆ ಮಾಡಬೇಕಾದ ಒಂದು ಕೆಲಸ ನಿಶ್ಚಯವಾಗಿದ್ದರೆ ಅದು ವಿಚಾರ. ಎರಡೂ ಇಲ್ಲದೆ ನೋವು ಮಾತ್ರ ಹೆಚ್ಚಿದ್ದರೆ ಅದು ಮೆಲುಕು. ಎಡ್ವರ್ಡ್ ವಾಟ್ಕಿನ್ಸ್ ಎಂಬ ಸಂಶೋಧಕರು ಈ ಅಂತರವನ್ನು ಪ್ರಶ್ನೆಯ ರೂಪದಲ್ಲಿಯೇ ಕಂಡರು. ‘ನನಗೇ ಏಕೆ ಹೀಗೆ?’ ಎಂಬ ಬಗೆಯ ಪ್ರಶ್ನೆ ಮನಸ್ಸನ್ನು ಸುತ್ತಿಸುತ್ತದೆ. ‘ಇದು ಹೇಗೆ ನಡೆಯಿತು, ಮುಂದಿನ ಹೆಜ್ಜೆ ಯಾವುದು?’ ಎಂಬ ನಿರ್ದಿಷ್ಟ ಪ್ರಶ್ನೆ ಅದನ್ನು ಕೆಲಸದ ಕಡೆಗೆ ತಿರುಗಿಸುತ್ತದೆ.

ಮೆಲುಕು ಬಲಗೊಳ್ಳಲು ಒಂದು ಮುಖ್ಯ ಕಾರಣ, ಶೇರಾ ಒಂದೇ ಮುದ್ದೆಯಾಗಿ ನೆನಪಿನಲ್ಲಿ ನಿಲ್ಲುವುದು. ಅದರಲ್ಲಿ ನಿಜವೂ ಇರುತ್ತದೆ, ಅರೆನಿಜವೂ ಇರುತ್ತದೆ, ಅನ್ಯಾಯವೂ ಇರುತ್ತದೆ. ಬೇರ್ಪಡಿಸದಿದ್ದರೆ ಅತ್ಯಂತ ಚುಚ್ಚುವ ಮಾತು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ ಮೊದಲ ಕೆಲಸ ಶೇರಾವನ್ನು ಇದ್ದ ಪದಗಳಲ್ಲಿಯೇ, ಒಂದು ಸಾಲಿಗೆ ಒಂದು ವಾಕ್ಯದಂತೆ ನಕಲು ಮಾಡಿಕೊಳ್ಳುವುದು. ಮನಸ್ಸು ಕುದಿಯುತ್ತಿರುವ ಗಳಿಗೆಯಲ್ಲಿ ಇದು ಸಾಧ್ಯವಾಗದು. ಮರುದಿನ ಬೆಳಿಗ್ಗೆ ಮಾಡಿದರೂ ಸಾಕು. ಬಳಿಕ ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆಗಳನ್ನು ಕೇಳಬೇಕು. ನೋಡಿದವರು ಕಣ್ಣಾರೆ ಕಂಡದ್ದು ಏನು? ಕಂಡದ್ದರಿಂದ ಈ ತೀರ್ಮಾನಕ್ಕೆ ಬರಲು ಅವರಿಗೆ ಸಾಧ್ಯವಿತ್ತೆ? ಇದರಲ್ಲಿ ಶಿಕ್ಷಕರ ಕೈಯಲ್ಲಿರುವುದು ಎಷ್ಟು?

ಜತ್ತ ತಾಲೂಕಿನ ಒಂದು ಕನ್ನಡ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯನ್ನು ನಿದರ್ಶನವಾಗಿ ಕಲ್ಪಿಸಿಕೊಳ್ಳಬಹುದು. ಪಟದಲ್ಲಿ 18 ಮಕ್ಕಳು. ತಪಾಸಣೆಯ ದಿನ ಹಾಜರಿದ್ದವರು 12. ಬಂದ ಅಧಿಕಾರಿ ಮರಾಠಿ ಭಾಷಿಕರು, ಕನ್ನಡ ಓದಲಾರರು. ಅವರು ಬರೆದ ಶೇರಾದಲ್ಲಿ ನಾಲ್ಕು ವಾಕ್ಯಗಳಿವೆ: ‘ಏಳು ಮಕ್ಕಳು ವಜಾಬಾಕಿ ಲೆಕ್ಕ ತಪ್ಪಿದರು. ಮಕ್ಕಳಿಗೆ ಓದಲು ಬರುವುದಿಲ್ಲ. ಹಾಜರಿ ಕಡಿಮೆ, ಶಿಕ್ಷಕಿಯ ನಿರ್ಲಕ್ಷ್ಯ ಕಾಣುತ್ತದೆ. ಶಿಕ್ಷಕಿಗೆ ಕೆಲಸದಲ್ಲಿ ಆಸ್ಥೆ ಇಲ್ಲ.’

ಮೊದಲ ವಾಕ್ಯ ನ್ಯಾಯವಾದುದು. ಅಂಕಿಗಳನ್ನು ಓದಲು ಕನ್ನಡ ಬೇಕಿಲ್ಲ. 52ರಲ್ಲಿ 27 ಕಳೆಯಲು ಹೇಳಿದಾಗ ಏಳು ಮಕ್ಕಳು 35 ಎಂದು ಬರೆದಿದ್ದಾರೆ. ‘ಮಕ್ಕಳು ಏಕೆ ಮಾನ ಕಳೆದರು?’ ಎಂದು ಕೊರಗುವುದರ ಬದಲು ‘35 ಹೇಗೆ ಬಂತು?’ ಎಂದು ಕೇಳಿದರೆ ಉತ್ತರ ಪಾಟಿಯ ಮೇಲೆಯೇ ಇದೆ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗದೆಂದು ಮಕ್ಕಳು 7ರಿಂದ 2 ಕಳೆದಿದ್ದಾರೆ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು, ಒಂದು ಕಟ್ಟನ್ನು ಬಿಚ್ಚಿಸಿದರೆ ಬಿಡಿ ಕಡ್ಡಿ 12 ಆಗುತ್ತವೆ. ಅವುಗಳಿಂದ 7 ತೆಗೆದರೆ 5, ಉಳಿದ ನಾಲ್ಕು ಕಟ್ಟಿನಿಂದ ಎರಡು ತೆಗೆದರೆ ಎರಡು. ದಿನಕ್ಕೆ ಹತ್ತು ನಿಮಿಷದ ಕೆಲಸವಿದು. ಚುಚ್ಚಿದ ಮಾತು ಇಲ್ಲಿ ಪಾಠದ ಟಿಪ್ಪಣಿಯಾಗುತ್ತದೆ.

ಎರಡನೆಯ ವಾಕ್ಯ ಅರೆನಿಜ. ಅಧಿಕಾರಿ ಕೇಳಿಸಿಕೊಂಡದ್ದು ಮರಾಠಿ ಓದನ್ನು ಮಾತ್ರ. ಮನೆಯಲ್ಲಿ ಕನ್ನಡವಾಡುವ ಮಕ್ಕಳು ದೇವನಾಗರಿ ಲಿಪಿಯಲ್ಲಿ ತಡವರಿಸಿದ್ದು ಸತ್ಯ. ಮಹಾರಾಷ್ಟ್ರದ 2020ರ ಕಾಯಿದೆಯಂತೆ ಮರಾಠಿ ಎಲ್ಲ ಶಾಲೆಗಳಲ್ಲಿಯೂ ಕಡ್ಡಾಯ ವಿಷಯವಾದ್ದರಿಂದ ಆ ಕೊರತೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಕನ್ನಡ ಓದನ್ನು ಅವರು ಪರೀಕ್ಷಿಸಿಲ್ಲ, ಪರೀಕ್ಷಿಸಲು ಅವರಿಗೆ ಸಾಧ್ಯವೂ ಇರಲಿಲ್ಲ. ಆದ್ದರಿಂದ ‘ಮರಾಠಿ ಓದು ಹಿಂದಿದೆ’ ಎಂಬಷ್ಟನ್ನು ಸ್ವೀಕರಿಸಿ, ಉಳಿದದ್ದನ್ನು ಬಿಡಬೇಕು.

ಮೂರನೆಯದರಲ್ಲಿ ಸಂಗತಿ ಸರಿ, ಹೊರಿಸಿದ ಕಾರಣ ತಪ್ಪು. ದೀಪಾವಳಿಯ ನಂತರ ಅನೇಕ ಕುಟುಂಬಗಳು ಕಬ್ಬು ಕಡಿಯಲು ವಲಸೆ ಹೋಗುತ್ತವೆ. ಆರು ಮಕ್ಕಳು ತಂದೆತಾಯಿಗಳೊಂದಿಗೆ ಹೋಗಿದ್ದಾರೆ. ಅದು ಶಿಕ್ಷಕಿಯ ನಿರ್ಲಕ್ಷ್ಯವಲ್ಲ. ಆದರೂ ಹೋದ ಮಕ್ಕಳ ಹೆಸರು, ಹೋದ ದಿನಾಂಕ, ಸ್ಥಳಗಳ ಯಾದಿಯನ್ನು ಇಟ್ಟುಕೊಂಡು ತಪಾಸಣೆಯ ದಿನ ಮುಂದಿಡುವುದು ಆಕೆಯ ಕೈಯಲ್ಲಿತ್ತು.

ನಾಲ್ಕನೆಯ ವಾಕ್ಯ ಅನ್ಯಾಯವಾದುದು. ಆಸ್ಥೆ ಕಣ್ಣಿಗೆ ಕಾಣುವ ವಸ್ತುವಲ್ಲ; ಎರಡು ಗಂಟೆಯ ಭೇಟಿಯಲ್ಲಿ ಅದನ್ನು ಅಳೆಯಲಾಗದು. ಇದು ಕೆಲಸವನ್ನು ಬಿಟ್ಟು ವ್ಯಕ್ತಿಯನ್ನು ಕುರಿತ ಮಾತು. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 1996ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಿಮ್ಮಾಹಿತಿಯಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿದರೂ ಮೂರರಲ್ಲಿ ಒಂದಕ್ಕೂ ಹೆಚ್ಚಿನ ಸಂದರ್ಭಗಳಲ್ಲಿ ಅದು ಕೆಟ್ಟಿತ್ತು. ಗಮನ ಕೆಲಸದಿಂದ ವ್ಯಕ್ತಿಯ ಕಡೆಗೆ ಸರಿದಷ್ಟೂ ಹಿಮ್ಮಾಹಿತಿಯ ಫಲ ಕುಗ್ಗುತ್ತದೆ ಎಂದು ಅವರು ವಿವರಿಸಿದರು. ರಾತ್ರಿ ಮೆಲುಕಿಗೆ ಬರುವುದು ಬಹುತೇಕ ಇಂಥ ವಾಕ್ಯವೇ. ಅದರಲ್ಲಿ ಮಾಡುವ ಕೆಲಸವಿಲ್ಲವಾದ್ದರಿಂದ ಮನಸ್ಸಿಗೆ ಅದನ್ನು ಮುಗಿಸಲು ಆಗುವುದಿಲ್ಲ.

ವಿಂಗಡಣೆಯಲ್ಲಿ ಎರಡು ತಪ್ಪುಗಳು ಸಾಮಾನ್ಯ. ಒಂದು, ಗಡುಸು ದನಿಯನ್ನೇ ಅನ್ಯಾಯವೆಂದು ಭಾವಿಸುವುದು. 35ರ ತಪ್ಪನ್ನು ಸಿಡುಕಿ ಹೇಳಿದರೂ ಅದು ತಪ್ಪೇ. ಇನ್ನೊಂದು, ಅಧಿಕಾರಿಗೆ ಕನ್ನಡ ಬಾರದೆಂಬ ಕಾರಣಕ್ಕೆ ಇಡೀ ಶೇರಾವನ್ನು ತಳ್ಳಿಹಾಕುವುದು. ಸಹೋದ್ಯೋಗಿಗಳು ‘ಆ ಸಾಹೇಬರು ಎಲ್ಲರಿಗೂ ಹಾಗೆಯೇ ಬರೆಯುತ್ತಾರೆ’ ಎಂದು ಸಂತೈಸಿದಾಗ ಹಗುರವೆನಿಸುತ್ತದೆ. ಆದರೆ ಅದರಿಂದ ಏಳು ಮಕ್ಕಳ ಲೆಕ್ಕ ಸರಿಹೋಗದು.

ಅನ್ಯಾಯದ ಭಾಗಕ್ಕೆ ತಕ್ಕ ಸ್ಥಳ ಲಿಖಿತ ಉತ್ತರ. ಒಪ್ಪಿದ್ದನ್ನು ಮೊದಲು ಹೇಳಿ, ಸಂಗತಿಗಳನ್ನು ನಂತರ ಇಟ್ಟು, ವಿನಂತಿಯಿಂದ ಮುಗಿಸುವುದು ಲೇಸು: ‘ವಜಾಬಾಕಿಗೆ ವಿಶೇಷ ಅಭ್ಯಾಸ ಆರಂಭಿಸಲಾಗಿದೆ. ಗೈರುಹಾಜರಾದ ಆರು ಮಕ್ಕಳ ವಲಸೆಯ ಯಾದಿ ಲಗತ್ತಿಸಿದೆ. ಮುಂದಿನ ಭೇಟಿಯಲ್ಲಿ ಕನ್ನಡ ಬಲ್ಲವರೊಬ್ಬರ ಸಮ್ಮುಖದಲ್ಲಿ ಮಕ್ಕಳ ಕನ್ನಡ ಓದನ್ನೂ ಕೇಳಬೇಕೆಂದು ವಿನಂತಿ.’ ಆಸ್ಥೆಯ ಮಾತಿಗೆ ಪ್ರತ್ಯೇಕ ವಾದ ಬೇಡ. ಈ ಮೂರು ವಾಕ್ಯಗಳೇ ಅದಕ್ಕೆ ಉತ್ತರ. ಪ್ರತಿಕೂಲ ಮಾತು ವಾರ್ಷಿಕ ಗೋಪ್ಯ ವರದಿಯನ್ನು ಸೇರಿದರೆ ವಿಷಯ ಬೇರೆ. ಸರಕಾರಿ ನೌಕರರಿಗೆ ಅಂಥ ವರದಿಯ ಪ್ರತಿಯೊಂದು ನಮೂದನ್ನೂ ತಿಳಿಸಬೇಕು, ಮನವಿ ಸಲ್ಲಿಸಲು ಅವಕಾಶ ಕೊಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2008ರ ದೇವ್ ದತ್ ಪ್ರಕರಣದಲ್ಲಿ ಹೇಳಿದೆ.

ಈ ವಿಂಗಡಣೆಗೂ ಮಿತಿಯುಂಟು. ಎರಡು ವಾರ ಕಳೆದರೂ ನಿದ್ರೆ ಬಾರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ ಇದ್ದರೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ದೊರೆಯುತ್ತದೆ. ಉಳಿದ ಸಂದರ್ಭಗಳಲ್ಲಿ, ಉತ್ತರ ಕಳುಹಿಸಿ ಕಡ್ಡಿ ಕಟ್ಟುಗಳನ್ನು ಬಿಚ್ಚಿಸಿದ ಮೇಲೂ ಆ ವಾಕ್ಯ ಮತ್ತೆ ನೆನಪಾದರೆ, ಅದಕ್ಕೆ ಹೊಸ ಉತ್ತರ ಹುಡುಕುವ ಅಗತ್ಯವಿಲ್ಲ. ಬರೆದಿಟ್ಟ ಹಾಳೆಯನ್ನು ಒಮ್ಮೆ ನೋಡಿ ಮಡಿಸಿಟ್ಟರೆ ಸಾಕು.